ಕಾಲರ್ ಲೈನಿನ ಹತ್ತು ಅಂಕದ ಪ್ರಶ್ನೆ

ಎರಡನೇ ಪಿಯುಸಿಯ ವ್ಯವಹಾರ ಅಧ್ಯಯನದಿಂದ ಹಿಡಿದು ಬಿ.ಕಾಂ., ಎಂ.ಬಿ.ಎ., ನೆಟ್, ಕೆ-ಸೆಟ್‌ವರೆಗೂ ವೇಷ ಬದಲಿಸಿಕೊಂಡು ಬರುವ ಪ್ರಶ್ನೆಯೊಂದಿದೆ: ‘ಆನ್ ದಿ ಜಾಬ್ ಮತ್ತು ಆಫ್ ದಿ ಜಾಬ್ ತರಬೇತಿ ವಿಧಾನಗಳನ್ನು ವಿವರಿಸಿ.’ ಪಿಯುಸಿಯಲ್ಲಿ ಅದು ಅಷ್ಟಕ್ಕೇ ಮುಗಿಯುತ್ತದೆ. ಎಂ.ಬಿ.ಎ.ಗೆ ಬರುವ ಹೊತ್ತಿಗೆ ಒಂದು ಬಾಲ ಸೇರಿಕೊಳ್ಳುತ್ತದೆ: ‘ತರಬೇತಿ ಪರಿಣಾಮಕಾರಿಯಾಯಿತೇ ಎಂಬುದನ್ನು ಹೇಗೆ ಅಳೆಯುವಿರಿ?’ ಮೊದಲ ಭಾಗಕ್ಕೆ ಮೂರು ಪುಟ ತುಂಬಿಸುವ ಹುಡುಗರು ಈ ಬಾಲಕ್ಕೆ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಕ ಸೋರಿಹೋಗುವುದು ಅಲ್ಲೇ. ಕಂಪನಿಗಳ ದುಡ್ಡು ಸೋರಿಹೋಗುವುದೂ ಬಹುಮಟ್ಟಿಗೆ ಅಲ್ಲೇ.

ಹಾಗಾಗಿ ಪ್ರಶ್ನೆಯನ್ನು ಪುಸ್ತಕದಿಂದ ಎಬ್ಬಿಸಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಕರೆದೊಯ್ಯೋಣ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಓದುಗರಿಗೆ ಈ ಕೆಲಸದ ಪರಿಚಯ ಹೇಗೂ ಇರುತ್ತದೆ. ಅಷ್ಟೇ ಅಲ್ಲ, ತರಬೇತಿಯ ಫಲವನ್ನು ಅಳೆದ ತುಂಬ ಗಟ್ಟಿಯಾದ ಅಧ್ಯಯನಗಳಲ್ಲೊಂದು ನಡೆದಿರುವುದೂ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೇ.

ಮೊದಲು ವಿಂಗಡಣೆ. ಹೊಲಿಗೆ ಬಾರದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರುತ್ತಾಳೆ ಎನ್ನಿ. ಅವಳನ್ನು ನೇರವಾಗಿ ಲೈನಿಗೆ ಬಿಟ್ಟು, ಹತ್ತು ವರ್ಷದ ಅನುಭವವಿರುವ ಅಕ್ಕನೊಬ್ಬಳ ಪಕ್ಕದಲ್ಲಿ ಕೂರಿಸಿ, ‘ನೋಡ್ಕೊಂಡು ಕಲೀಮ್ಮ’ ಎಂದರೆ ಅದು ಆನ್ ದಿ ಜಾಬ್. ಕಲಿಕೆಯೂ ಉತ್ಪಾದನೆಯೂ ಒಂದೇ ಮೆಷಿನ್ನಿನ ಮೇಲೆ, ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಸೂಪರ್‌ವೈಸರ್ ದಿನವೂ ತಿದ್ದಿ ಹೇಳುವ ಕೋಚಿಂಗ್, ಕಾಲರ್‌ನಿಂದ ಕಫ್‌ಗೆ, ಕಫ್‌ನಿಂದ ತೋಳಿಗೆ ಕೆಲಸ ಬದಲಿಸಿ ಕಲಿಸುವ ಜಾಬ್ ರೊಟೇಷನ್, 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ಅಪ್ರೆಂಟಿಸ್‌ಶಿಪ್ ಎಲ್ಲವೂ ಇದೇ ಗುಂಪಿನವು. ಅವಳನ್ನು ಲೈನಿನಿಂದ ದೂರ ಕರೆದೊಯ್ದು ಉಪನ್ಯಾಸ, ಫಿಲ್ಮ್, ಕೇಸ್ ಸ್ಟಡಿ, ಪಾತ್ರಾಭಿನಯದ ಮೂಲಕ ಕಲಿಸಿದರೆ ಅದು ಆಫ್ ದಿ ಜಾಬ್.

ಇವೆರಡರ ನಡುವೆ ಪರೀಕ್ಷೆಯವರಿಗೆ ಬಹಳ ಪ್ರಿಯವಾದ ಒಂದು ಬಲೆ ಇದೆ: ವೆಸ್ಟಿಬ್ಯೂಲ್ ತರಬೇತಿ. ದೊಡ್ಡ ಫ್ಯಾಕ್ಟರಿಗಳಲ್ಲಿ ಹೊಸಬರಿಗೆಂದೇ ಪ್ರತ್ಯೇಕ ಕೋಣೆ ಇರುತ್ತದೆ. ಅಲ್ಲಿರುವುದು ಲೈನಿನಲ್ಲಿರುವಂಥದೇ ಮೆಷಿನ್, ಅದೇ ಪೆಡಲ್. ಮೊದಮೊದಲು ದಾರ ಹಾಕದೆ, ಗೆರೆ ಎಳೆದ ಕಾಗದದ ಮೇಲೆ ಸೂಜಿ ಓಡಿಸಲು ಹೇಳುತ್ತಾರೆ. ಸೂಜಿಯ ತೂತುಗಳು ಗೆರೆಯ ಮೇಲೇ ಬಿದ್ದಿವೆಯೇ, ಮೂಲೆಯಲ್ಲಿ ಸರಿಯಾಗಿ ತಿರುಗಿವೆಯೇ ಎಂದು ಕಾಗದವನ್ನು ಬೆಳಕಿಗೆ ಹಿಡಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ಚಿಂದಿ ಬಟ್ಟೆ, ಕೊನೆಗೆ ನಿಜವಾದ ಪೀಸು. ಮೆಷಿನ್ ಅಸಲಿ, ಟಾರ್ಗೆಟ್ ಮಾತ್ರ ಇಲ್ಲ. ಹಾಗಾದರೆ ಇದು ಯಾವ ಗುಂಪು? ಪಿಯುಸಿಯವರು ಓದುವ ಎನ್‌ಸಿಇಆರ್‌ಟಿ ಪುಸ್ತಕ ಇದನ್ನು ಆಫ್ ದಿ ಜಾಬ್‌ಗೆ ಸೇರಿಸುತ್ತದೆ. ಕೆಲವು ಪದವಿ ಪುಸ್ತಕಗಳು ಆನ್ ದಿ ಜಾಬ್ ಎನ್ನುತ್ತವೆ, ಇನ್ನು ಕೆಲವು ಬೇರೆಯೇ ತಲೆಬರಹ ಕೊಡುತ್ತವೆ. ಬಹುಆಯ್ಕೆಯ ಪ್ರಶ್ನೆಯಾದರೆ ಆಫ್ ದಿ ಜಾಬ್ ಎಂದು ಗುರುತು ಹಾಕುವುದೇ ಕ್ಷೇಮ. ವಿವರಣೆ ಕೇಳಿದರೆ ‘ಉಪಕರಣ ಕೆಲಸದ್ದೇ, ಆದರೆ ಉತ್ಪಾದನೆಯ ಒತ್ತಡದಿಂದ ಹೊರಗೆ’ ಎಂಬ ಕಾರಣವನ್ನೂ ಬರೆಯಬೇಕು. ಸ್ಥಳ ಯಾವುದು ಎಂಬುದಕ್ಕಿಂತ, ತಪ್ಪಾದರೆ ಅದರ ಬೆಲೆ ಯಾರು ತೆರುತ್ತಾರೆ ಎಂಬುದೇ ಈ ವಿಂಗಡಣೆಯ ಬೇರು ಎಂದು ನನಗನ್ನಿಸುತ್ತದೆ. ಲೈನಿನಲ್ಲಿ ತಪ್ಪಿದರೆ ಪೀಸು ಆಲ್ಟರ್‌ಗೆ ಬರುತ್ತದೆ, ಮುಂದಿನ ಮೆಷಿನ್‌ನವಳು ಕೈಕಟ್ಟಿ ಕೂರುತ್ತಾಳೆ. ತರಬೇತಿ ಕೋಣೆಯಲ್ಲಿ ತಪ್ಪಿದರೆ ಹಾಳಾಗುವುದು ಒಂದು ತುಂಡು ಕಾಗದ.

ಇದೇ ಕಾರಣಕ್ಕೆ, ಉತ್ತರ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಕಾಣುವ ‘ಆನ್ ದಿ ಜಾಬ್ ತರಬೇತಿ ಅಗ್ಗ’ ಎಂಬ ವಾಕ್ಯವನ್ನು ಕಣ್ಣುಮುಚ್ಚಿ ಬರೆಯಬಾರದು. ಅದಕ್ಕೆ ಪ್ರತ್ಯೇಕ ಬಿಲ್ ಬರುವುದಿಲ್ಲ, ಅಷ್ಟೇ. ಕಲಿಸುವ ಅಕ್ಕನ ಪೀಸುಗಳು ಕಡಿಮೆಯಾಗುತ್ತವೆ, ಆಲ್ಟರ್ ಹೆಚ್ಚುತ್ತದೆ, ಇಡೀ ಲೈನು ನಿಧಾನವಾಗುತ್ತದೆ. ಆ ಖರ್ಚು ತರಬೇತಿಯ ಲೆಕ್ಕದಲ್ಲಿ ಕಾಣದೆ ಉತ್ಪಾದನೆಯ ಲೆಕ್ಕದಲ್ಲಿ ಕರಗಿಹೋಗುತ್ತದೆ. ಅಕ್ಕನಿಗೆ ಪೀಸು ಲೆಕ್ಕದ ಇನ್ಸೆಂಟಿವ್ ಇದ್ದರಂತೂ ಅವಳಿಗೆ ಕಲಿಸುವ ಮನಸ್ಸಾದರೂ ಎಲ್ಲಿಂದ ಬರಬೇಕು? ಇನ್ನೊಂದು ತೊಡಕೂ ಇದೆ. ಪಕ್ಕದವರನ್ನು ನೋಡಿ ಕಲಿತವಳು ಅವರ ಕೈಚಳಕದ ಜೊತೆಗೆ ಅವರ ಕೆಟ್ಟ ಅಭ್ಯಾಸಗಳನ್ನೂ ಕಲಿಯುತ್ತಾಳೆ.

ಪಕ್ಕದಲ್ಲಿ ಕೂರಿಸುವುದಕ್ಕೂ ಕಲಿಸುವುದಕ್ಕೂ ಇರುವ ಅಂತರವನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕ. ಕುಶಲ ಕೆಲಸಗಾರರು ಸೈನ್ಯಕ್ಕೆ ಹೊರಟುಹೋಗಿ, ಯಂತ್ರ ಮುಟ್ಟದ ಜನ ಕಾರ್ಖಾನೆಗೆ ಬರತೊಡಗಿದಾಗ, 1940ರಲ್ಲಿ ಅಲ್ಲಿನ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆ ಆರಂಭಿಸಿತು. ಅದರಡಿ ಮೇಸ್ತ್ರಿಗಳಿಗೆ ಕಲಿಸುವ ವಿಧಾನವನ್ನೇ ಕಲಿಸುತ್ತಿದ್ದರು, ತಲಾ ಎರಡು ಗಂಟೆಯ ಐದು ಪಾಠಗಳಲ್ಲಿ. ಮೊದಲ ಪಾಠದಲ್ಲಿ ಒಂದು ಪ್ರಯೋಗ ನಡೆಯುತ್ತಿತ್ತು. ವಿದ್ಯುತ್ ದೀಪದ ಹೋಲ್ಡರ್‌ನೊಳಗೆ ವೈರು ಜಾರದಂತೆ ಹಾಕುವ ಒಂದು ಗಂಟನ್ನು ಬೋಧಕ ಬರೀ ಬಾಯಲ್ಲಿ ವಿವರಿಸುತ್ತಿದ್ದ. ಹಾಕಲು ಹೋದವನ ಕೈಗೆ ಗಂಟು ಬರುತ್ತಿರಲಿಲ್ಲ. ಆಮೇಲೆ ಮಾತಾಡದೆ ಬರೀ ಮಾಡಿ ತೋರಿಸುತ್ತಿದ್ದ. ಆಗಲೂ ಬರುತ್ತಿರಲಿಲ್ಲ. ಕೊನೆಗೆ ನಾಲ್ಕು ಹೆಜ್ಜೆಯಲ್ಲಿ ಕಲಿಸಿದಾಗ ಬರುತ್ತಿತ್ತು. ಮೊದಲು ಕಲಿಯುವವನ ಅಳುಕು ಕಳೆದು, ಅವನಿಗೆ ಈಗಾಗಲೇ ಏನು ಗೊತ್ತು ಎಂದು ವಿಚಾರಿಸುವುದು. ಎರಡನೆಯದಾಗಿ ಒಂದೊಂದೇ ಹಂತವನ್ನು ಹೇಳುತ್ತ, ತೋರಿಸುತ್ತ, ಎಲ್ಲಿ ತಪ್ಪುವ ಸಾಧ್ಯತೆಯಿದೆಯೋ ಅಲ್ಲಿ ಒತ್ತಿ ಹೇಳುವುದು. ಮೂರನೆಯದಾಗಿ ಅವನಿಂದಲೇ ಮಾಡಿಸಿ, ಯಾಕೆ ಹಾಗೆ ಮಾಡಿದೆ ಎಂದು ಅವನ ಬಾಯಲ್ಲೇ ಹೇಳಿಸುವುದು. ನಾಲ್ಕನೆಯದಾಗಿ ಅವನನ್ನು ಕೆಲಸಕ್ಕೆ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡುತ್ತ ಕ್ರಮೇಣ ಕಡಿಮೆ ಮಾಡುವುದು. ಯುದ್ಧ ಮುಗಿದ 1945ರಲ್ಲಿ ಆ ಯೋಜನೆಯೂ ಮುಗಿಯಿತು. ಅಮೆರಿಕ ಅದನ್ನು ಹೆಚ್ಚುಕಡಿಮೆ ಮರೆತರೂ ಜಪಾನ್ ಮರೆಯಲಿಲ್ಲ. ಟೊಯೊಟಾ ಇಂದಿಗೂ ತನ್ನ ಕೆಲಸಗಾರರಿಗೆ ಕಲಿಸುವ ಕ್ರಮದ ಬೇರು ಇಲ್ಲಿಯದೇ.

ಪರೀಕ್ಷೆಯಲ್ಲಿ ಇದು ‘ಜಾಬ್ ಇನ್‌ಸ್ಟ್ರಕ್ಷನ್ ಟ್ರೈನಿಂಗ್’ ಎಂಬ ಹೆಸರಲ್ಲಿ ಬರುತ್ತದೆ. ನಾಲ್ಕು ಹೆಜ್ಜೆಗಳ ಹೆಸರು ಉರುಹೊಡೆದರೆ ಅರ್ಧ ಅಂಕ ಸಿಗಬಹುದು. ಕಾಲರ್ ಹೊಲಿಗೆಯನ್ನು ಈ ನಾಲ್ಕು ಹೆಜ್ಜೆಯಲ್ಲಿ ಹೇಗೆ ಕಲಿಸುತ್ತೀರಿ ಎಂದು ಬರೆದವರಿಗೆ ಪೂರ್ತಿ ಅಂಕ.

ಈಗ ಬಾಲಕ್ಕೆ ಬರೋಣ. ತರಬೇತಿ ಮುಗಿಯಿತು, ಫಲ ಬಂತೇ? ಇಲ್ಲಿ ಎಲ್ಲರೂ ಬರೆಯುವ ಹೆಸರು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು. 1959ರ ಕೊನೆಯಿಂದ 1960ರ ಆರಂಭದವರೆಗೆ ಅಮೆರಿಕದ ತರಬೇತುದಾರರ ಸಂಘದ ಪತ್ರಿಕೆಯಲ್ಲಿ ನಾಲ್ಕು ಲೇಖನ ಬರೆದರು. ಒಂದೊಂದು ಲೇಖನಕ್ಕೆ ಒಂದೊಂದು ಹಂತ: ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ. ಹೂಡಿದ ಹಣಕ್ಕೆ ಬಂದ ಪ್ರತಿಫಲ ಎಂಬ ಐದನೆಯ ಹಂತವನ್ನು ಮುಂದೆ ಸೇರಿಸಿದವರು ಜ್ಯಾಕ್ ಫಿಲಿಪ್ಸ್. ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಇವರಿಬ್ಬರನ್ನು ಅದಲುಬದಲು ಮಾಡಿ ಕೊಡುವುದು ಸಾಮಾನ್ಯ.

ನಮ್ಮ ಫ್ಯಾಕ್ಟರಿಯಲ್ಲಿ ಈ ಹಂತಗಳು ಹೀಗೆ ಕಾಣುತ್ತವೆ. ತರಬೇತಿ ಮುಗಿದ ಸಂಜೆ ಒಂದು ಫಾರ್ಮ್ ಹಂಚುತ್ತಾರೆ. ‘ತುಂಬಾ ಚೆನ್ನಾಗಿತ್ತು’ ಎಂಬ ಮನೆಗೆ ಟಿಕ್ ಬೀಳುತ್ತದೆ. ಅದು ಪ್ರತಿಕ್ರಿಯೆ. ಟ್ರೈನರ್ ಎದುರಿಗೇ ನಿಂತಿರುವಾಗ, ಆಚೆ ಬಸ್ಸು ಕಾಯುತ್ತಿರುವಾಗ ತುಂಬಿದ ಫಾರ್ಮಿನಿಂದ ಊಟ ರುಚಿಯಾಗಿತ್ತೇ ಎಂಬುದಕ್ಕಿಂತ ಹೆಚ್ಚಿನದೇನೂ ತಿಳಿಯುವುದಿಲ್ಲ. ಮರುದಿನ ತರಬೇತಿ ಕೋಣೆಯಲ್ಲೇ ಒಂದು ಕಾಲರ್ ಕೊಟ್ಟು, ಎರಡು ತುದಿಯೂ ಸಮನಾಗಿದೆಯೇ, ಹೊಲಿಗೆ ಅಂಚಿಗೆ ಸಮಾನಾಂತರವಾಗಿದೆಯೇ ಎಂದು ಪರೀಕ್ಷಿಸಿದರೆ ಅದು ಕಲಿಕೆ. ತಿಂಗಳ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ, ಟಾರ್ಗೆಟ್ಟಿನ ಬಿಸಿಯಲ್ಲೂ ಅವಳು ಹಾಗೆಯೇ ಹೊಲಿಯುತ್ತಿದ್ದಾಳೆಯೇ ಎಂಬುದು ವರ್ತನೆ. ಲೈನಿನ ಉತ್ಪಾದನೆ ಏರಿತೇ, ಆಲ್ಟರ್ ಇಳಿಯಿತೇ, ಕೆಲಸ ಬಿಟ್ಟುಹೋಗುವವರು ಕಡಿಮೆಯಾದರೇ ಎಂಬುದು ಫಲಿತಾಂಶ.

ಸರಪಳಿ ಹೆಚ್ಚಾಗಿ ಹರಿಯುವುದು ಎರಡು ಮತ್ತು ಮೂರನೆಯ ಹಂತದ ನಡುವೆ. ಕೋಣೆಯಲ್ಲಿ ಬಂದ ವಿದ್ಯೆ ಲೈನಿಗೆ ಬರುವುದಿಲ್ಲ. ಕಲಿತವಳ ದೋಷವೇ ಇರಬೇಕೆಂದೇನಿಲ್ಲ. ಕೋಣೆಯಲ್ಲಿ ಕಲಿಸಿದ ಮೆಷಿನ್ ಬೇರೆ, ಲೈನಿನಲ್ಲಿ ಸಿಕ್ಕಿದ್ದು ಬೇರೆ ಇರಬಹುದು. ‘ಅದೆಲ್ಲ ಅಲ್ಲಿಗೆ ಸರಿ, ಇಲ್ಲಿ ಬೇಗ ಬೇಗ ಹೊಲಿ’ ಎಂದು ಸೂಪರ್‌ವೈಸರ್ ಗದರಿಸಿರಬಹುದು. ಆಫ್ ದಿ ಜಾಬ್ ವಿಧಾನಗಳ ಮುಖ್ಯ ದೌರ್ಬಲ್ಯ ಇದು. ಆದ್ದರಿಂದ ಹೋಲಿಕೆಯ ಪ್ರಶ್ನೆಗೆ ಉತ್ತರಿಸುವಾಗಲೇ ಇದನ್ನು ಬರೆದಿಟ್ಟರೆ ಎರಡು ಭಾಗಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆನ್ ದಿ ಜಾಬ್‌ನಲ್ಲಿ ಈ ಅಂತರ ತಾನಾಗಿಯೇ ಕಡಿಮೆ. ಅಲ್ಲಿ ಕೊರತೆ ಬೀಳುವುದು ಸಾಮಾನ್ಯವಾಗಿ ಎರಡನೆಯ ಹಂತದಲ್ಲಿ. ಕೆಲಸ ಬರುತ್ತದೆ, ಯಾಕೆ ಹಾಗೆ ಮಾಡಬೇಕೆಂಬುದು ಬರುವುದಿಲ್ಲ.

ನಾಲ್ಕನೆಯ ಹಂತದ ಲೆಕ್ಕದಲ್ಲಿ ಎಡವುವವರು ವಿದ್ಯಾರ್ಥಿಗಳಷ್ಟೇ ಅಲ್ಲ, ಎಚ್.ಆರ್. ಮ್ಯಾನೇಜರುಗಳೂ ಹೌದು. ಒಂದು ಪ್ರಶ್ನೆಯನ್ನು ಬಿಡಿಸಿಯೇ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಹಾಕಿಕೊಂಡವು.

ಕಾಲರ್ ಜೋಡಿಸುವ 60 ಆಪರೇಟರುಗಳಿದ್ದಾರೆ. ಚೀಟಿ ಎತ್ತಿ 30 ಮಂದಿಗೆ 16 ಗಂಟೆಯ ತರಬೇತಿ ಕೊಟ್ಟರು. ಉಳಿದ 30 ಮಂದಿಗೆ ಕೊಡಲಿಲ್ಲ. ಮೊದಲು ಎರಡೂ ಗುಂಪಿನವರು ದಿನಕ್ಕೆ ಸರಾಸರಿ 240 ಪೀಸು ಮಾಡುತ್ತಿದ್ದರು. ತರಬೇತಿಯ ನಂತರ ಆ ಗುಂಪು 300ಕ್ಕೆ ಏರಿತು. ತರಬೇತಿ ಪಡೆಯದ ಗುಂಪೂ 276ಕ್ಕೆ ಏರಿತು. ಹೆಚ್ಚುವರಿ ಪೀಸೊಂದರಿಂದ ಕಂಪನಿಗೆ ಸಿಗುವ ಲಾಭ ಒಂದೂವರೆ ರೂಪಾಯಿ. ಖರ್ಚು 90,000 ರೂಪಾಯಿ: ಟ್ರೈನರ್‌ಗೆ 40,000, ಸಾಮಗ್ರಿಗೆ 10,000, ತರಬೇತಿಯ ಹೊತ್ತಿನಲ್ಲಿ ನಿಂತುಹೋದ ಕೆಲಸಕ್ಕೆ 40,000. ಆರು ತಿಂಗಳಿಗೆ, ಅಂದರೆ 156 ಕೆಲಸದ ದಿನಗಳಿಗೆ ಪ್ರತಿಫಲವೆಷ್ಟು?

ಅವಸರದಲ್ಲಿ ಬರೆಯುವವರು 300ರಲ್ಲಿ 240 ಕಳೆದು 60 ಪೀಸು ಲಾಭ ಎನ್ನುತ್ತಾರೆ. 60 ಪೀಸು, ಒಂದೂವರೆ ರೂಪಾಯಿ, 30 ಮಂದಿ, 156 ದಿನ ಎಂದು ಗುಣಿಸಿದರೆ 4,21,200 ರೂಪಾಯಿ. ಖರ್ಚು ಕಳೆದು, ಉಳಿದದ್ದನ್ನು ಖರ್ಚಿನಿಂದಲೇ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 368 ಪ್ರತಿಫಲ. ಬೋರ್ಡ್ ಮೀಟಿಂಗಿನಲ್ಲಿ ಚಪ್ಪಾಳೆ ಗಿಟ್ಟಿಸುವ ಅಂಕಿ. ಆದರೆ ತರಬೇತಿ ಇಲ್ಲದವರೂ 36 ಪೀಸು ಏರಿದ್ದಾರಲ್ಲ? ಗಾರ್ಮೆಂಟ್ಸ್‌ನಲ್ಲಿ ಇದು ದಿನನಿತ್ಯದ ಸಂಗತಿ. ಲೈನಿಗೆ ಹೊಸ ಸ್ಟೈಲ್ ಬಂದಾಗ ಮೊದಲ ಕೆಲವು ದಿನ ಉತ್ಪಾದನೆ ಕುಸಿಯುತ್ತದೆ, ಕೈ ಪಳಗುತ್ತಿದ್ದಂತೆ ತಾನಾಗಿಯೇ ಏರುತ್ತದೆ. ಆ ಏರಿಕೆಯನ್ನು ತರಬೇತಿಯ ಖಾತೆಗೆ ಜಮಾ ಮಾಡುವಂತಿಲ್ಲ. ತರಬೇತಿಗೆ ಸಲ್ಲುವುದು 60ರಲ್ಲಿ 36 ಕಳೆದು ಉಳಿದ 24 ಪೀಸು ಮಾತ್ರ. ಆಗ ಲಾಭ 1,68,480 ರೂಪಾಯಿ, ಪ್ರತಿಫಲ ಶೇ. 87ರ ಆಸುಪಾಸು.

ಇನ್ನೂ ಒಂದು ಹೆಜ್ಜೆ ಇದೆ. ಕಲಿತ 30 ಮಂದಿಯಲ್ಲಿ ಹತ್ತು ಮಂದಿ ಮೂರು ತಿಂಗಳಿಗೆ ಕೆಲಸ ಬಿಟ್ಟರು ಎನ್ನಿ. ಗಾರ್ಮೆಂಟ್ಸ್ ಬಲ್ಲವರಿಗೆ ಇದು ಅತಿಶಯವೆನಿಸದು. ಅವರ ಪಾಲಿನ ಅರ್ಧ ಲಾಭ ಹೋಗಿ ಒಟ್ಟು 1,40,400ಕ್ಕೆ ಇಳಿಯುತ್ತದೆ, ಪ್ರತಿಫಲ ಶೇ. 56. ಅದೇ ತರಬೇತಿ, ಅದೇ ಜನ. ಶೇ. 368 ಎಂದು ಹೇಳಿದ್ದು ಶೇ. 56ಕ್ಕೆ ಬಂದು ನಿಂತಿತು. ಆಗಲೂ ನಷ್ಟವಲ್ಲ ಎನ್ನುವುದನ್ನೂ ಬರೆಯಬೇಕು.

ಈ ಲೆಕ್ಕ ನಿಂತಿರುವುದು ಚೀಟಿ ಎತ್ತಿದ್ದರ ಮೇಲೆ. ವಾಡಿಕೆಯಲ್ಲಿ ನಡೆಯುವುದು ಬೇರೆ. ಸೂಪರ್‌ವೈಸರು ‘ನಮ್ಮಲ್ಲಿ ಬಹಳ ಹಿಂದಿರೋರು ಇವರು’ ಎಂದು ಹೆಸರು ಕೊಡುತ್ತಾನೆ. ಆ ತಿಂಗಳು ಜ್ವರಕ್ಕೋ ಮೆಷಿನ್ ಕೆಟ್ಟಿದ್ದಕ್ಕೋ ಹಿಂದೆ ಬಿದ್ದವರು ಮುಂದಿನ ತಿಂಗಳು ಹೇಗೂ ಮೇಲೆ ಬರುತ್ತಾರೆ, ಕೀರ್ತಿ ಟ್ರೈನರ್‌ಗೆ. ಅಥವಾ ಚುರುಕಾದವರನ್ನೇ ಕಳಿಸುತ್ತಾನೆ; ಅವರು ತರಬೇತಿ ಇಲ್ಲದಿದ್ದರೂ ಮುಂದೆ ಹೋಗುತ್ತಿದ್ದರು. ತರಬೇತಿಗೆ ಮುಂಚೆ ಒಂದು ಪರೀಕ್ಷೆ, ಆಮೇಲೆ ಒಂದು ಪರೀಕ್ಷೆ, ಪಕ್ಕದಲ್ಲಿ ತರಬೇತಿ ಪಡೆಯದ ನಿಯಂತ್ರಣ ಗುಂಪು ಎಂಬ ಪುಸ್ತಕದ ಸಾಲಿಗೆ ಕಾರಣ ಇದೇ.

ಹೀಗೆ ನಿಜವಾಗಿಯೂ ಚೀಟಿ ಎತ್ತಿ ಅಳೆದದ್ದು ಬೆಂಗಳೂರಿನಲ್ಲಿ. ಸಿದ್ಧ ಉಡುಪಿನ ದೊಡ್ಡ ಕಂಪನಿಯಾದ ಶಾಹಿ ಎಕ್ಸ್‌ಪೋರ್ಟ್ಸ್‌ನ ಫ್ಯಾಕ್ಟರಿಗಳಲ್ಲಿ ‘ಪೇಸ್’ ಎಂಬ ಕಾರ್ಯಕ್ರಮ ನಡೆಯಿತು. ಗ್ಯಾಪ್ ಕಂಪನಿ 2007ರಲ್ಲಿ ಆರಂಭಿಸಿದ ಕಾರ್ಯಕ್ರಮವದು. ಅದರಲ್ಲಿ ಹೊಲಿಗೆಯ ಪಾಠವೇ ಇಲ್ಲ. ಮಾತಾಡುವುದು, ಸಮಯ ಮತ್ತು ಒತ್ತಡವನ್ನು ನಿಭಾಯಿಸುವುದು, ತೊಡಕು ಬಿಡಿಸಿಕೊಳ್ಳುವುದು, ಇಂಥವನ್ನು ಮಹಿಳಾ ಕಾರ್ಮಿಕರಿಗೆ ಸುಮಾರು 80 ಗಂಟೆ ಕಲಿಸುತ್ತಿದ್ದರು. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ ಇದನ್ನು ಎರಡು ಸುತ್ತಿನ ಲಾಟರಿಯಲ್ಲಿ ಅಳೆದರು. ಮೊದಲ ಸುತ್ತಿನಲ್ಲಿ ಯಾವ ಲೈನುಗಳಿಗೆ ತರಬೇತಿ ಎಂದು ಆರಿಸಿದರು, ಎರಡನೆಯದರಲ್ಲಿ ಆ ಲೈನಿನ ಯಾರಿಗೆ ಎಂದು.

ಎರಡು ಸುತ್ತು ಯಾಕೆ? ಕಲಿತವಳು ಪಕ್ಕದವಳಿಗೂ ಹೇಳಿಕೊಡುತ್ತಾಳೆ. ಒಂದೇ ಲೈನಿನ ಇಬ್ಬರನ್ನು ಹೋಲಿಸಿದರೆ ಕಲಿಯದವಳೂ ಸ್ವಲ್ಪ ಮೇಲೆ ಬಂದಿರುತ್ತಾಳೆ, ತರಬೇತಿಯ ಫಲ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ತರಬೇತಿಯ ಗಾಳಿಯೇ ಸೋಕದ ಬೇರೆ ಲೈನಿನವರೊಡನೆ ಹೋಲಿಸಬೇಕು. ಹೀಗೆ ಹೋಲಿಸಿದಾಗ ಅದೇ ಲೈನಿನ, ತರಬೇತಿ ಪಡೆಯದವರಿಗೂ ಪ್ರಯೋಜನ ಹರಿದಿದ್ದು ಕಂಡಿತು. ನಮ್ಮ ಮೇಲಿನ ಲೆಕ್ಕದಲ್ಲಿ 60 ಮಂದಿ ಒಂದೇ ಲೈನಿನವರಾಗಿದ್ದರೆ ಈ ತೊಡಕು ಅಲ್ಲೂ ಇರುತ್ತದೆ ಎಂದು ಒಂದು ಸಾಲು ಸೇರಿಸುವ ವಿದ್ಯಾರ್ಥಿ ಅಪರೂಪ.

2018ರಲ್ಲಿ ಹೊರಬಂದ ಅವರ ಪ್ರಬಂಧದ ಪ್ರಕಾರ ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ. 20 ಹೆಚ್ಚಿತ್ತು. ಕಾರ್ಯಕ್ರಮ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಬಂದ ನಿವ್ವಳ ಪ್ರತಿಫಲ ಶೇ. 258. ಕಲಿತವರು ಕೆಲಸ ಬಿಟ್ಟು ಬೇರೆಡೆ ಹೋಗುತ್ತಾರೆಂಬ ಮಾಲೀಕರ ಹಳೆಯ ಭಯಕ್ಕೆ ಪುರಾವೆ ಸಿಗಲಿಲ್ಲ. ಎರಡೂ ಗುಂಪಿನವರು ಒಂದೇ ಪ್ರಮಾಣದಲ್ಲಿ ಕೆಲಸ ಬಿಟ್ಟಿದ್ದರು.

ಈ ಪ್ರಬಂಧದ ತಲೆಬರಹದಲ್ಲಿರುವುದು ‘ಆನ್ ದಿ ಜಾಬ್’ ಎಂಬ ಮಾತು. ಪಾಠ ನಡೆದದ್ದು ಮಾತ್ರ ಮೆಷಿನ್ ಬಿಟ್ಟು ಎದ್ದುಬಂದ ಹೊತ್ತಿನಲ್ಲಿ. ಅರ್ಥಶಾಸ್ತ್ರಜ್ಞರಿಗೆ ಕೆಲಸದಲ್ಲಿದ್ದಾಗ ಸಿಕ್ಕ ತರಬೇತಿಯೆಲ್ಲ ಆನ್ ದಿ ಜಾಬ್, ಎಚ್.ಆರ್. ಪುಸ್ತಕದ ಪ್ರಕಾರ ಇದು ಆಫ್ ದಿ ಜಾಬ್. ಉದಾಹರಣೆ ಕೊಡುವ ವಿದ್ಯಾರ್ಥಿ ತಲೆಬರಹ ನೋಡಿ ತಪ್ಪು ಕಾಲಂನಲ್ಲಿ ಹಾಕದಿರಲಿ.

ಉಳಿದದ್ದು ಒಂದು ಅಂಕಿ. ಉತ್ಪಾದಕತೆ ಅಷ್ಟು ಏರಿದರೂ ತರಬೇತಿ ಪಡೆದ ಮಹಿಳೆಯರ ಸಂಬಳ ಏರಿದ್ದು ಶೇ. 0.5ರಷ್ಟು. ಕಂಪನಿಯ ಶೇ. 258ರಲ್ಲಿ ಒಂದು ಪಾಲು ಬಂದದ್ದೇ ಇಲ್ಲಿಂದ: ದುಡಿಮೆಯ ಬೆಲೆ ಹೆಚ್ಚಿತು, ಕೂಲಿ ಹೆಚ್ಚಲಿಲ್ಲ. ಕರ್ಕ್‌ಪ್ಯಾಟ್ರಿಕ್‌ನ ನಾಲ್ಕನೆಯ ಹಂತ ‘ಫಲಿತಾಂಶ’ ಎಂದಾಗ ಅಳೆಯುವುದು ಸಂಸ್ಥೆಯ ಫಲಿತಾಂಶವನ್ನು. ಕಾರ್ಮಿಕಳಿಗೆ ಸಿಕ್ಕಿದ್ದೇನು ಎಂದು ಕೇಳುವ ಹಂತ ಆ ನಾಲ್ಕರಲ್ಲೂ ಇಲ್ಲ, ಫಿಲಿಪ್ಸ್ ಸೇರಿಸಿದ ಐದನೆಯದರಲ್ಲೂ ಇಲ್ಲ. ‘ಈ ಮಾದರಿಯ ಮಿತಿಗಳನ್ನು ವಿಮರ್ಶಿಸಿ’ ಎಂದು ಪ್ರಶ್ನೆ ಬಂದರೆ ಬಹುತೇಕ ಪುಸ್ತಕಗಳು ಕೊಡುವ ಉತ್ತರ, ನಾಲ್ಕನೆಯ ಹಂತವನ್ನು ಅಳೆಯುವುದು ಕಷ್ಟ ಎಂಬುದು. ಬೆಂಗಳೂರಿನಲ್ಲಿ ಅದನ್ನು ಅಳೆದು ಮುಗಿಸಿದ್ದಾರೆ. ಸಂಬಳದ ಅಂಕಿಯನ್ನು ಆ ಉತ್ತರದ ಪಕ್ಕದಲ್ಲಿ ಬರೆದವರಿಗೆ ನಾನಾದರೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಉಳಿದ ಒಂದು ಅಂಕ, ಆ ಸಂಬಳವನ್ನು ಅಳೆಯಲು ಅವರು ಯಾವ ಗುಂಪಿನೊಡನೆ ಹೋಲಿಸುತ್ತಾರೆ ಎಂದು ಬರೆದರೆ.